ಅಪ್‌ಡೇಟ್: 20 ವರ್ಷದ ಮಳೆ ಲೆಕ್ಕಕ್ಕೆ ಬಬಲ್ ಸಾರ್ಟ್ ಯಾಕೆ ನಿಧಾನವಾಯಿತು

ನನ್ನ ಪ್ರಶ್ನೆ: "ಮಡಿಕೇರಿ ಹತ್ತಿರದ ನಮ್ಮ ತೋಟದ ದಿನದ ಮಳೆ ಲೆಕ್ಕವನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಲು ಪೈಥಾನ್‌ನಲ್ಲಿ ಬಬಲ್ ಸಾರ್ಟ್ ಬರೆದೆ, ಅಂದರೆ ಪಟ್ಟಿಯನ್ನು ಮತ್ತೆ ಮತ್ತೆ ಸುತ್ತಿ ಅಕ್ಕಪಕ್ಕದ ಎರಡು ಸಂಖ್ಯೆ ಹೋಲಿಸಿ, ಕ್ರಮ ತಪ್ಪಿದ್ದರೆ ಅದಲುಬದಲು ಮಾಡುವುದು. ಒಂದು ವರ್ಷದ್ದು ತಕ್ಷಣ ಮುಗಿಯುತ್ತದೆ. 20 ವರ್ಷದ್ದು ಹಾಕಿದರೆ ಲ್ಯಾಪ್‌ಟಾಪ್ ನಿಂತೇ ಹೋದಂತಾಗುತ್ತದೆ. ಯಾಕೆ?"

ಗೊತ್ತಾಯಿತು, ಎಲ್ಲರಿಗೂ ಥ್ಯಾಂಕ್ಸ್! ಹೋಲಿಕೆಗಳನ್ನು ಎಣಿಸಿ ನೋಡಿ ಅಂದವರ ಮಾತು ಕಣ್ಣು ತೆರೆಸಿತು. 365 ದಿನಕ್ಕೆ n(n-1)/2 ಲೆಕ್ಕದಲ್ಲಿ 66,430 ಹೋಲಿಕೆ. 7,300 ದಿನಕ್ಕೆ ಸುಮಾರು 2 ಕೋಟಿ 66 ಲಕ್ಷ. ಪಟ್ಟಿ 20 ಪಟ್ಟು ಬೆಳೆದರೆ ಕೆಲಸ 400 ಪಟ್ಟು!

ಲೂಪ್ ಒಳಗಿನ `print` ತೆಗೆದೆ, ಸ್ವಲ್ಪ ಸಮಯ ಉಳಿಯಿತು ಅಷ್ಟೆ. ಅದಲುಬದಲು ಆಗದ ಸುತ್ತಿನಲ್ಲೇ ನಿಲ್ಲಿಸಿ ಎಂಬ ಸಲಹೆ ಮೇಲೆ ತುಂಬಾ ನಂಬಿಕೆ ಇತ್ತು. ಹಳೆಯದೆಲ್ಲ ಜೋಡಿಸಿಯೇ ಇತ್ತು, ಕೊನೆಗೆ ಇವತ್ತಿನ ಒಂದು ಸಂಖ್ಯೆ ಸೇರಿಸಿದ್ದೆ, ಅಷ್ಟೇ ಅಲ್ವಾ? ಆದರೂ ನಿಧಾನ.

ಕಾರಣ ನೋಡಿ ಆಶ್ಚರ್ಯವಾಯಿತು. ಅವತ್ತು ಮಳೆ ಇರಲಿಲ್ಲ, ಆ ಸಂಖ್ಯೆ 0. ಬಬಲ್ ಸಾರ್ಟ್‌ನಲ್ಲಿ ದೊಡ್ಡ ಸಂಖ್ಯೆ ಒಂದೇ ಸುತ್ತಿನಲ್ಲಿ ಕೊನೆಯವರೆಗೂ ಓಡುತ್ತದೆ. ಕೊನೆಯಲ್ಲಿರುವ ಚಿಕ್ಕದು ಸುತ್ತಿಗೆ ಒಂದೇ ಹೆಜ್ಜೆ ಹಿಂದೆ ಬರುತ್ತದೆ. ಮಳೆ ಬಂದ ದಿನಗಳನ್ನೆಲ್ಲ ಆ 0 ಒಂದೊಂದಾಗಿ ದಾಟಬೇಕು. ಕೊಡಗಿನಲ್ಲಿ ಅಂಥ ದಿನಗಳು ಸಾವಿರಗಟ್ಟಲೆ, ಅಷ್ಟೇ ಸುತ್ತುಗಳು. ಅದೇ 0 ಬದಲು ಆವರೆಗಿನ ಅತಿ ದೊಡ್ಡ ಮಳೆ ಸೇರಿಸಿ ನೋಡಿದೆ, ಒಂದೇ ಸುತ್ತಿಗೆ ನಿಂತಿತು.

ಕೊನೆಗೆ ಕೆಲಸ ಮಾಡಿದ್ದು ಇದು:

```python
male.sort()
```

ಇದು ಆಗಲೇ ಜೋಡಿಸಿರುವ ಭಾಗವನ್ನು ಗುರುತಿಸಿ ಹಾಗೇ ಬಳಸಿಕೊಳ್ಳುತ್ತದೆ. ಎಂಟರ್ ಒತ್ತಿದ ತಕ್ಷಣ ಮುಗಿಯಿತು. ಒಂದು ವರ್ಷದ ಪಟ್ಟಿಗೆ ಮಾತ್ರ ನನ್ನ ಬಬಲ್ ಸಾರ್ಟನ್ನೇ ಇಟ್ಟುಕೊಂಡಿದ್ದೇನೆ.