ಎರಡು ವರ್ಷದ ಲೆಕ್ಕ ಯಾವ ದಿನದಿಂದ?

ಪ್ರಶ್ನೆ: ಸ್ನಾತಕೋತ್ತರ ಪ್ರವೇಶಕ್ಕೆಂದು ಬರೆದ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7.5 ಬಂದಿದೆ. ಆಲಿಸುವಿಕೆ 7.5, ಓದು 8, ಬರವಣಿಗೆ 6.5, ಮಾತು 7.5. ಅವಧಿ ಇನ್ನೂ ಇದೆ. ಇದರಲ್ಲೇ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವಲಸೆಗೆ ಅರ್ಜಿ ಹಾಕಬಹುದೇ?

ವಲಸೆ ಸಲಹೆಗಾರರು: ಆಗುವುದಿಲ್ಲ. ಅಲ್ಲಿ ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್ ಬಗೆ ಮಾತ್ರ ನಡೆಯುತ್ತದೆ. ಅದನ್ನು ಬರೆಯುವಾಗ ಒಟ್ಟು ಅಂಕವನ್ನು ಮರೆತುಬಿಡಿ. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಒಟ್ಟು ಅಂಕದ ಜೊತೆಗೆ ಪ್ರತಿ ವಿಭಾಗದ ಕನಿಷ್ಠ ಅಂಕವನ್ನು ಕೇಳುತ್ತವೆ. ವಲಸೆಯಲ್ಲಿ ನಾಲ್ಕೂ ವಿಭಾಗಗಳನ್ನು ಬೇರೆಬೇರೆಯಾಗಿ ಸಿಎಲ್‌ಬಿ ಎಂಬ ಕೆನಡಾದ ಭಾಷಾ ಮಟ್ಟಕ್ಕೆ ಪರಿವರ್ತಿಸುತ್ತಾರೆ. ಸಿಎಲ್‌ಬಿ 9ಕ್ಕೆ ಆಲಿಸುವಿಕೆಯಲ್ಲಿ 8, ಉಳಿದ ಮೂರರಲ್ಲಿ ತಲಾ 7 ಬೇಕು. ಇವೇ ಅಂಕಗಳು ಜನರಲ್‌ನಲ್ಲಿ ಬಂದರೂ ಆಲಿಸುವಿಕೆ ಮತ್ತು ಬರವಣಿಗೆ 8ನೇ ಮಟ್ಟದಲ್ಲೇ ನಿಲ್ಲುತ್ತವೆ. ಓದಿನ ಭಾಗ ಸುಲಭವೆಂದು ಮೈಮರೆಯಬೇಡಿ. ಪಠ್ಯ ಹಗುರವಾದರೂ ಬ್ಯಾಂಡ್ 7ಕ್ಕೆ 40ರಲ್ಲಿ ಸುಮಾರು 34 ಸರಿಯುತ್ತರ ಬೇಕು, ಅಕಾಡೆಮಿಕ್‌ನಲ್ಲಿ ಸುಮಾರು 30 ಸಾಕು.

ಒಬ್ಬ ಸದಸ್ಯೆ: ನನಗೆ ಅಕಾಡೆಮಿಕ್ ಅಂಕಪಟ್ಟಿಯೇ ಸಾಕಾಯಿತಲ್ಲ! ಪರೀಕ್ಷೆ ಬರೆದು ಎರಡೂವರೆ ವರ್ಷವಾಗಿತ್ತು. ಆಸ್ಟ್ರೇಲಿಯಾದ ಕೌಶಲ್ಯ ವೀಸಾ.

ವಲಸೆ ಸಲಹೆಗಾರರು: ನಿಮ್ಮದು ಸರಿಯೇ, ಆದರೆ ದೇಶ ಬೇರೆ. ಅಲ್ಲಿ ಎರಡೂ ಬಗೆಯನ್ನು ಒಪ್ಪುತ್ತಾರೆ, ಅರ್ಜಿ ಹಾಕಲು ಬರುವ ಆಹ್ವಾನಕ್ಕೆ ಹಿಂದಿನ ಮೂರು ವರ್ಷದೊಳಗೆ ಬರೆದಿದ್ದರಾಯಿತು.

ಇನ್ನೊಬ್ಬರು: ಕೆನಡಾಗೆ ಎರಡು ವರ್ಷ. ಪ್ರೊಫೈಲ್ ಹಾಕುವ ದಿನ ಅವಧಿಯಿದ್ದರೆ ಮುಗಿಯಿತು, ಆಮೇಲೆ ಚಿಂತೆಯಿಲ್ಲ.

ವಲಸೆ ಸಲಹೆಗಾರರು: ಅರ್ಧ ಸರಿ, ಆ ಉಳಿದರ್ಧದಲ್ಲೇ ಜನ ಮುಗ್ಗರಿಸುತ್ತಾರೆ. ಕಾಯಂ ನಿವಾಸದ ಅರ್ಜಿ ಸಲ್ಲಿಸುವ ದಿನವೂ ಫಲಿತಾಂಶಕ್ಕೆ ಎರಡು ವರ್ಷ ತುಂಬಿರಬಾರದು. ಫಲಿತಾಂಶದ ದಿನಾಂಕ 2025ರ ಮಾರ್ಚ್ 12 ಎಂದುಕೊಳ್ಳಿ. 2027ರ ಫೆಬ್ರುವರಿ 5ರಂದು ಆಹ್ವಾನ ಬಂದರೆ ಅರ್ಜಿಗೆ 60 ದಿನ, ಅಂದರೆ ಏಪ್ರಿಲ್ 6ರವರೆಗೆ ಸಮಯವಿದೆಯೆಂದು ಕಾಣುತ್ತದೆ. ನಿಜವಾದ ಗಡುವು ಮಾರ್ಚ್ 12ಕ್ಕಿಂತ ಮುಂಚೆಯೇ. ಪೊಲೀಸ್ ಪ್ರಮಾಣಪತ್ರಕ್ಕೆ ಕಾಯುತ್ತ ಕುಳಿತರೆ ಆಹ್ವಾನ ಕೈಯಲ್ಲಿದ್ದೂ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಕೊನೆಯ ಆರು ತಿಂಗಳು ಉಳಿದಾಗಲೇ ಮರುಪರೀಕ್ಷೆ ಬರೆಯಲು ನಾನು ಹೇಳುತ್ತೇನೆ.

ಪ್ರಶ್ನೆ ಕೇಳಿದವರು: ಬರವಣಿಗೆಯೊಂದನ್ನೇ ಮತ್ತೆ ಬರೆದರೆ?

ವಲಸೆ ಸಲಹೆಗಾರರು: ಒಂದೇ ವಿಭಾಗದ ಮರುಪರೀಕ್ಷೆಯನ್ನು ಕೆನಡಾ ವಲಸೆ ಇಲಾಖೆ ಒಪ್ಪುವುದಿಲ್ಲ. ಹೇಗೂ ನಿಮ್ಮದು ಅಕಾಡೆಮಿಕ್, ಪೂರ್ತಿ ಹೊಸದಾಗಿಯೇ ಬರೆಯಬೇಕು.

ಆ ಸದಸ್ಯೆ: ಹಾಗಾದರೆ ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆಯಲಿ, ಕಂಪ್ಯೂಟರ್ ಮೌಲ್ಯಮಾಪನದಲ್ಲಿ ಬರವಣಿಗೆಗೆ ಅಂಕ ಸಲೀಸು.

ವಲಸೆ ಸಲಹೆಗಾರರು: ಬರೆಯುವುದಾದರೆ ಪಿಟಿಇ ಕೋರ್, ಇಲ್ಲಿಯೂ ಅಕಾಡೆಮಿಕ್ ನಡೆಯದು. ಸಲೀಸೋ ಅಲ್ಲವೋ, ನನ್ನ ಬಳಿ ಬಂದವರಲ್ಲಿ ಎರಡೂ ಬಗೆಯವರಿದ್ದಾರೆ. ಮೊದಲು ಎರಡರ ಮಾದರಿ ಪರೀಕ್ಷೆಯನ್ನೂ ಗಡಿಯಾರ ಇಟ್ಟುಕೊಂಡು ಬರೆದು ನೋಡಿ, ಆಮೇಲೆ ಶುಲ್ಕ ಕಟ್ಟಿ.