ಎ.ಸಿ. ಹಾಕಿದ ಕೂಡಲೇ ಕಾರಿನಲ್ಲಿ ಮುಗ್ಗಲು ವಾಸನೆ: ನಿಮ್ಮ ಅನುಭವ ಹೇಳಿ

ಪುತ್ತೂರಿನಿಂದ ಪ್ರಶ್ನೆ: ಆರು ವರ್ಷದ ಕಾರು. ಮಳೆ ಹಿಡಿದ ಮೇಲೆ ಎ.ಸಿ. ಹಾಕಿದ ಮೊದಲ ಒಂದೆರಡು ನಿಮಿಷ ಒಣಗದ ಬಟ್ಟೆಯಂಥ ವಾಸನೆ, ಆಮೇಲೆ ಕಡಿಮೆಯಾಗುತ್ತೆ. ಮಗಳಿಗೆ ಸೀನು ನಿಲ್ಲಲ್ಲ. ನಿನ್ನೆ ಎಡಗಡೆ ಮುಂದಿನ ಮ್ಯಾಟ್ ಎತ್ತಿದರೆ ಕೆಳಗಿನ ಕಾರ್ಪೆಟ್ ಒದ್ದೆ! ಯಾರಿಗಾದರೂ ಹೀಗಾಗಿತ್ತಾ? ಏನು ಮಾಡಿಸಿದಿರಿ?

ತುಮಕೂರಿನವರು: ಕ್ಯಾಬಿನ್ ಫಿಲ್ಟರ್ ಬದಲಾಯಿಸಿ ಸರ್. ಗ್ಲೋವ್ ಬಾಕ್ಸ್ ಬಿಚ್ಚಿದರೆ ಹಿಂದೆಯೇ ಇರುತ್ತೆ, ಹತ್ತು ನಿಮಿಷದ ಕೆಲಸ. ನನ್ನದು ಕಪ್ಪಗಾಗಿ, ಒಣಗಿದ ಎಲೆಯೆಲ್ಲ ತುಂಬಿಕೊಂಡಿತ್ತು. ಹೊಸದು ಹಾಕಿದ ಮೇಲೆ ವಾಸನೆ ಪೂರ್ತಿ ಹೋಯಿತು. ಹಾಗೇ ಗ್ಯಾಸ್ ಕೂಡ ತುಂಬಿಸಿಬಿಡಿ.

ಶಿರಸಿಯವರು: ನಮ್ಮ ಕಾರಲ್ಲೂ ವಾಸನೆ ಬಂದಿತ್ತು. ಇಲಿ ಬ್ಲೋವರ್ ಒಳಗೆ ಹೋಗಿ ಸತ್ತಿತ್ತು. ತೋಟದ ಮನೆ, ಶೆಡ್ಡಿನಲ್ಲಿ ಅಡಿಕೆ ಚೀಲದ ಪಕ್ಕ ಕಾರು ನಿಲ್ಲಿಸುತ್ತಿದ್ದೆವು. ಮೊದಲು ಅದನ್ನು ನೋಡಿಸಿ.

ಮಂಗಳೂರಿನಲ್ಲಿ ಕಾರ್ ಎ.ಸಿ. ಕೆಲಸ ಮಾಡುವವರು: ಸತ್ತ ಇಲಿಯ ವಾಸನೆ ಎರಡು ನಿಮಿಷಕ್ಕೆ ಕಡಿಮೆಯಾಗುವುದಿಲ್ಲ. ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ತಂಪು ಸರಿಯಾಗಿ ಬರುತ್ತಿದ್ದರೆ ಗ್ಯಾಸ್ ಮುಟ್ಟಿಸಬೇಡಿ. ಫಿಲ್ಟರ್ ಮಾತು ಅರ್ಧ ಸರಿ. ಆದರೆ ಕಾರ್ಪೆಟ್ ಒದ್ದೆ ಅಂದಿರಲ್ಲ, ನಾನು ಅಲ್ಲಿಂದ ಶುರು ಮಾಡುತ್ತೇನೆ.

ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ಮೇಲೆ, ತಣ್ಣನೆ ಚೊಂಬಿನ ಹೊರಮೈಯಲ್ಲಿ ಬೆವರು ಕೂರುವ ಹಾಗೆ, ನೀರು ಕೂರುತ್ತದೆ. ಅದು ಕೆಳಗಿನ ತಟ್ಟೆಗೆ ಇಳಿದು, ಡ್ರೈನ್ ಪೈಪಿನಿಂದ ಕಾರಿನಡಿಗೆ ತೊಟ್ಟಿಕ್ಕಬೇಕು. ಪೈಪ್ ಕಟ್ಟಿದರೆ ತಟ್ಟೆ ತುಂಬಿ ಒಳಗೆ ಚೆಲ್ಲುತ್ತದೆ. ಕಾಯಿಲ್ ಒಣಗುವುದೇ ಇಲ್ಲ, ಧೂಳು ಹಿಡಿದ ರೆಕ್ಕೆಗಳ ನಡುವೆ ಬೂಷ್ಟು ಬೆಳೆಯುತ್ತದೆ.

ಕಾರನ್ನು ಬಯಲಿನ ಒಣ ನೆಲದ ಮೇಲೆ ನಿಲ್ಲಿಸಿ, ಹದಿನೈದು ನಿಮಿಷ ಎ.ಸಿ. ಜೋರಾಗಿ ಓಡಿಸಿ ಅಡಿಯಲ್ಲಿ ನೋಡಿ. ನಮ್ಮ ಕರಾವಳಿಯ ಹವೆಗೆ ನೀರು ಬಿಡದೆ ಬೀಳಬೇಕು. ಬೀಳದಿದ್ದರೆ ಪೈಪ್ ಕಟ್ಟಿದೆ. ಅದಕ್ಕೂ ಮುಂಚೆ ಕಾರ್ಪೆಟ್ ಮುಟ್ಟಿ ಮೂಸಿ. ಬರೀ ನೀರಾದರೆ ಸರಿ. ಜಿಗುಟಾಗಿ ಸಿಹಿ ವಾಸನೆ ಬಂದರೆ ಹೀಟರಿನಿಂದ ಕೂಲೆಂಟ್ ಸೋರುತ್ತಿದೆ, ಅದು ಬೇರೆ ಕೆಲಸ.

ಬೆಂಗಳೂರಿನವರು: ನನಗೆ ವರ್ಕ್‌ಶಾಪಿನಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಕಾಯಿಲ್ ಹೊರಗೆ ತೆಗೆದು ತೊಳೆಯಲೇಬೇಕು ಅಂದರು. ಮಾಡಿಸಿದೆ. ವಾಸನೆ ಹೋಯಿತು, ಆದರೆ ಅಂದಿನಿಂದ ಗುಂಡಿಯಲ್ಲಿ ಇಳಿದಾಗಲೆಲ್ಲ ಡ್ಯಾಶ್‌ಬೋರ್ಡ್ ಕಿರುಗುಟ್ಟುತ್ತೆ. ಎರಡನೇ ಮಳೆಗಾಲಕ್ಕೆ ವಾಸನೆಯೂ ವಾಪಸ್. ಮೊದಲು ನೊರೆ ಸ್ಪ್ರೇ ಮಾಡಿ ನೋಡಿ ಅಂತ ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಮಂಗಳೂರಿನವರು: ಹೌದು ಮೇಡಂ, ಬಿಚ್ಚುವುದು ಕೊನೆಯ ದಾರಿ. ಆದರೆ ನೊರೆ ಹಾಕುವ ಮುಂಚೆ ಡ್ರೈನ್ ಬಿಡಿಸಲೇಬೇಕು. ಇಲ್ಲದಿದ್ದರೆ ಕರಗಿದ ನೊರೆ, ಬೂಷ್ಟಿನ ಕೊಳೆ ಎಲ್ಲ ಕಾರ್ಪೆಟ್ಟಿಗೇ ಬರುತ್ತದೆ. ಪೈಪಿಗೆ ಕಬ್ಬಿಣದ ತಂತಿ ಹಾಕಬೇಡಿ, ಕಾಯಿಲ್ ತೂತಾದರೆ ಗ್ಯಾಸೂ ಹೋಯಿತು, ಕಾಯಿಲೂ ಹೋಯಿತು. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಸಾಕು. ಕೆಳಗಿನಿಂದ ಮೆಲ್ಲಗೆ ತೂರಿಸಿ ತಿರುಗಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆದರೆ ಕಸ ಮೇಲಕ್ಕೇ ಹೋಗುತ್ತದೆ.

ನೀರು ಸರಾಗವಾದ ಮೇಲೆ ಎ.ಸಿ. ಆಫ್ ಮಾಡಿ, ಫಿಲ್ಟರ್ ತೆಗೆದು, ಕಾರಿನ ಕಾಯಿಲಿಗೆಂದೇ ಮಾರುವ ನೊರೆ ಕ್ಲೀನರನ್ನು ಉದ್ದ ಪೈಪಿನಿಂದ ಕಾಯಿಲ್ ಮೇಲೆ ಬಿಡಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಇಪ್ಪತ್ತು ನಿಮಿಷ, ಬಿಡಬೇಕು. ಕೆಳಗೆ ಕಂದು ನೀರು ಇಳಿಯುವುದು ಕಾಣುತ್ತದೆ. ಆಮೇಲೆ ಕಿಟಕಿ ತೆರೆದು ಬ್ಲೋವರ್ ಓಡಿಸಿ ಒಣಗಿಸಿ, ಹೊಸ ಫಿಲ್ಟರ್ ಹಾಕಿ.

ಪುತ್ತೂರಿನವರು, ನಾಲ್ಕು ದಿನದ ನಂತರ: ಒಂದು ಹನಿಯೂ ಬೀಳುತ್ತಿರಲಿಲ್ಲ. ನೈಲಾನ್ ದಾರ ತಿರುಗಿಸಿದ ತಕ್ಷಣ ಮಣ್ಣು, ಮಾವಿನ ಹೂವಿನ ಚೂರು ಸಮೇತ ಸುಮಾರು ಒಂದು ಲೀಟರ್ ನೀರು ಸುರಿಯಿತು. ಕಾರು ನಿಲ್ಲುವುದು ಮಾವಿನ ಮರದಡಿಯಲ್ಲೇ. ನೊರೆಯೂ ಹಾಕಿದೆ. ಗಾಳಿ ಈಗ ಶುದ್ಧ, ಮಗಳ ಸೀನೂ ಕಡಿಮೆ. ಮತ್ತೆ ಬರದ ಹಾಗೆ ಏನು ಮಾಡಲಿ?

ಮಂಗಳೂರಿನವರು: ಗಾಜಿನ ಬುಡದ ಜಾಲಿಯಲ್ಲಿ ಬಿದ್ದ ಎಲೆ-ಹೂವನ್ನು ವಾರಕ್ಕೊಮ್ಮೆ ಕೈಯಲ್ಲಿ ತೆಗೆಯಿರಿ. ಮನೆ ಮುಟ್ಟಲು ನಾಲ್ಕೈದು ನಿಮಿಷ ಇರುವಾಗ ಎ.ಸಿ. ಬಟನ್ ಆಫ್ ಮಾಡಿ, ಫ್ಯಾನ್ ಮೂರರಲ್ಲಿ ಇಟ್ಟು, ಹೊರಗಿನ ಗಾಳಿ ಬರುವ ಹಾಗೆ ಮಾಡಿ. ಕಾಯಿಲ್ ಆರುತ್ತದೆ.

ಮೂಡಿಗೆರೆಯವರು: ಚಾರ್ಮಾಡಿ ಘಾಟಿಯಲ್ಲಿ ಹಾಗೆ ಮಾಡಿದೆ, ಅರೆಗಳಿಗೆಯಲ್ಲಿ ಮುಂದಿನ ಗಾಜೆಲ್ಲ ಮಂಜು. ಎದುರಿನ ಬಸ್ಸೇ ಕಾಣಲಿಲ್ಲ. ಮಳೆಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ.

ಮಂಗಳೂರಿನವರು: ಒಪ್ಪುತ್ತೇನೆ, ಕಾಯಿಲಿನ ನೀರೇ ಆವಿಯಾಗಿ ಗಾಜಿಗೆ ಬರುತ್ತದೆ. ಮಳೆ ಇದ್ದರೆ ಮನೆ ಅಂಗಳಕ್ಕೆ ಬಂದ ಮೇಲೆ, ಕಿಟಕಿ ಇಳಿಸಿ ಮಾಡಿ. ಜುಲೈನಲ್ಲಿ ಹೊರಗಿನ ಗಾಳಿಯೇ ಒದ್ದೆ, ಪೂರ್ತಿ ಒಣಗುವುದಿಲ್ಲ. ನಮ್ಮ ಕಡೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಡ್ರೈನ್ ನೋಡಿಸುವುದು ತಪ್ಪುವುದಿಲ್ಲ.

ಪುತ್ತೂರಿನವರು: ಸರಿ ಅಣ್ಣ. ಕಾರ್ಪೆಟ್ ಮೇಲೆ ಒಣಗಿದೆ, ಆದರೆ ಒತ್ತಿದರೆ ಅಡಿಯ ಸ್ಪಂಜಿನಿಂದ ಇನ್ನೂ ನೀರು ಬರುತ್ತಿದೆ. ಸೀಟು ಬಿಚ್ಚದೆ ಅದನ್ನು ಒಣಗಿಸಿದವರು ಯಾರಾದರೂ ಇದ್ದೀರಾ?