ಪರೀಕ್ಷೆ ಒತ್ತಡ: ಆಪ್ತಸಮಾಲೋಚಕಿಗೆ ಕೇಳಿ (ಕಲಬುರಗಿ-ಯಾದಗಿರಿ-ಬೀದರ್ ಪಾಲಕರ ಗುಂಪು)

ಶಹಾಪುರದ ತಾಯಿ: ನಮಸ್ಕಾರ್ರೀ ಮೇಡಂ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಫಿಸಿಕ್ಸ್ ಕೆಟ್ಟಿತು ಅಂತ ಅದೇ ಪ್ರಶ್ನೆಪತ್ರಿಕೆ ಹಿಡಿದು, ಕೀ ಆನ್ಸರ್ ನೋಡಿ ರಾತ್ರಿ ಎಲ್ಲಾ ಅಂಕ ಕೂಡಿಸ್ತಾಳೆ. ಕೆಮಿಸ್ಟ್ರಿಗೆ ಮೂರೇ ದಿನ ಇದೆ. ಅದಕ್ಕೆ ಕೆಂಪು, ಹಸಿರು ಪೆನ್ನಲ್ಲಿ ಟೈಮ್‌ಟೇಬಲ್ ಬರೀತಾಳೆ, ಹರೀತಾಳೆ, ಮತ್ತೆ ಬರೀತಾಳೆ. ಪುಸ್ತಕ ಮಾತ್ರ ತೆಗೆಯಲ್ಲ.

ಸಮಾಲೋಚಕಿ: ಅಕ್ಕಾ, ಇದನ್ನು ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಚಿಂತೆ ಆಗ್ತಿದೆ. ಒತ್ತಡ ಬಂದಾಗ ಮನಸ್ಸು ಎರಡು ಲೆಕ್ಕ ಹಾಕುತ್ತದೆ ಅಂತ ಲಜಾರಸ್, ಫೋಕ್‌ಮನ್ ಅನ್ನೋ ಮನೋವಿಜ್ಞಾನಿಗಳು ಹೇಳಿದ್ದರು. ಇದರಿಂದ ನನಗೇನು ಹಾನಿ? ಇದಕ್ಕೆ ನನ್ನ ಕೈಲಿ ಏನಾಗುತ್ತೆ? ನಿಮ್ಮ ಮಗಳು ಫಿಸಿಕ್ಸ್‌ನಲ್ಲಿ ಆದ ನಷ್ಟವನ್ನು ಕೆಮಿಸ್ಟ್ರಿಗೂ ಹಚ್ಚಿಕೊಂಡು, ಎರಡನೇ ಲೆಕ್ಕಕ್ಕೆ "ಏನೂ ಆಗಲ್ಲ" ಅಂತ ಉತ್ತರ ಬರೆದುಬಿಟ್ಟಿದ್ದಾಳೆ.

ಒತ್ತಡಕ್ಕೆ ನಾವು ಮಾಡೋದು ಎರಡು ಕೆಲಸ: ಕೈಲಿರೋ ಸಮಸ್ಯೆಯನ್ನು ಬಿಡಿಸೋದು, ಕೈ ಮೀರಿದ್ದಕ್ಕೆ ಮನಸ್ಸನ್ನು ಸಮಾಧಾನ ಮಾಡೋದು. ನಿಮ್ಮ ಮಗಳಲ್ಲಿ ಈಗ ಎರಡೂ ಅದಲುಬದಲಾಗಿವೆ. ಫಿಸಿಕ್ಸ್ ಕೈ ಬಿಟ್ಟು ಹೋಗಿದೆ, ಅದನ್ನು ಬಿಡಿಸಲು ಕೂತಿದ್ದಾಳೆ. ಕೆಮಿಸ್ಟ್ರಿ ಇನ್ನೂ ಕೈಲಿದೆ, ಅದರ ಭಯವನ್ನು ಬಣ್ಣದ ಪೆನ್ನಿನಿಂದ ತಣ್ಣಗೆ ಮಾಡ್ತಿದ್ದಾಳೆ. ಟೈಮ್‌ಟೇಬಲ್ ನೋಡೋಕೆ ಓದಿನ ಕೆಲಸ, ಆದ್ರೆ ಪುಸ್ತಕ ತೆರೆಯದೆ ಅದನ್ನೇ ಮೂರು ಸಲ ಬರೆದರೆ ಅದು ಬರೀ ಸಮಾಧಾನದ ಕೆಲಸ. ಆದ್ದರಿಂದ ಏನು ಮಾಡ್ತಿದ್ದಾಳೆ ಅನ್ನೋದಕ್ಕಿಂತ ಅದರಿಂದ ಏನಾಗ್ತಿದೆ ಅಂತ ನೋಡಬೇಕು.

ಇವತ್ತು ರಾತ್ರಿ ಬುದ್ಧಿ ಹೇಳಬೇಡಿ. ಹತ್ತು ನಿಮಿಷ ಸುಮ್ನೆ ಕೂತು ಅವಳ ಗೋಳು ಕೇಳಿ. ಆಮೇಲೆ ಅವಳನ್ನೇ ಒಪ್ಪಿಸಿ ಆ ಪ್ರಶ್ನೆಪತ್ರಿಕೆಯನ್ನು ಅಲಮಾರಿಗೆ ಹಾಕಿ. ಉತ್ತರಪತ್ರಿಕೆಯ ಪ್ರತಿ, ಮರುಮೌಲ್ಯಮಾಪನ ಎಲ್ಲಾ ಫಲಿತಾಂಶ ಬಂದ ಮೇಲಿನ ಮಾತು, ಪರೀಕ್ಷೆ 2 ಕೂಡ ಇದೆ. ನಾಳೆ ಬೆಳಗ್ಗೆ ಕೆಮಿಸ್ಟ್ರಿ ಅಧ್ಯಾಯಗಳ ಹೆಸರು ಒಂದೇ ಪೆನ್ನಲ್ಲಿ ಬರೆಯಲಿ. ಬರುತ್ತೆ, ಅರ್ಧ ಬರುತ್ತೆ, ಬರಲ್ಲ ಅಂತ ಗುರುತು ಹಾಕಲಿ. ಅರ್ಧ ಬರೋದರಿಂದ ಶುರು, ಯಾಕಂದ್ರೆ ಮೂರು ದಿನದಲ್ಲಿ ಅಂಕ ಬೇಗ ಸಿಗೋದು ಅಲ್ಲೇ. ಹಳೇ ಪತ್ರಿಕೆಯ ಒಂದು ಪ್ರಶ್ನೆ, ಗಡಿಯಾರ ಇಟ್ಟು, ಪುಸ್ತಕ ಮುಚ್ಚಿ ಬರೆಯಲಿ. ಮಧ್ಯಾಹ್ನದೊಳಗೆ "ಇದು ಮುಗೀತು" ಅಂತ ಒಂದಾದ್ರೂ ತೋರಿಸಿದರೆ ದಾರಿ ಸರಿ ಇದೆ.

ಊಟ, ನಿದ್ದೆ ಪೂರ್ತಿ ಬಿಟ್ಟರೆ, "ನಾನಿರಬಾರದು" ಅನ್ನೋ ಥರ ಮಾತಾಡಿದರೆ ಪರೀಕ್ಷೆ ಮುಗೀಲಿ ಅಂತ ಕಾಯಬೇಡಿ. ಒಬ್ಬಳನ್ನೇ ಬಿಡಬೇಡಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ.

ಟ್ಯೂಷನ್ ಸರ್, ಕಲಬುರಗಿ: ಗೋಳು ಕೇಳೋದೇ ತಪ್ಪು. ಓದಿದರೆ ಭಯ ತಾನೇ ಹೋಗುತ್ತೆ. ಸಮಾಧಾನ ಗಿಮಾಧಾನ ಎಲ್ಲಾ ಪಲಾಯನ.

ಸಮಾಲೋಚಕಿ: ಅರ್ಧ ನಿಜ ಸರ್. ಪರೀಕ್ಷೆಗೆ ಮುಂಚೆ ಓದೇ ಬೇಕು. 1985ರಲ್ಲಿ ಫೋಕ್‌ಮನ್, ಲಜಾರಸ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು, ಅದೇ ಮಕ್ಕಳನ್ನು, ಒತ್ತಡಕ್ಕೆ ಏನು ಮಾಡ್ತೀರಿ ಅಂತ ಮೂರು ಸಲ ಕೇಳಿದರು, ಪರೀಕ್ಷೆಗೆ ಮುಂಚೆ, ಫಲಿತಾಂಶಕ್ಕೆ ಕಾಯುವಾಗ, ಫಲಿತಾಂಶ ಬಂದ ಮೇಲೆ. ಮುಂಚೆ ಸಮಸ್ಯೆ ಬಿಡಿಸುವ ಕೆಲಸ ಜಾಸ್ತಿ ಇತ್ತು. ಕಾಯುವಾಗ ಅದು ಇಳಿದು, ಮನಸ್ಸನ್ನು ಪರೀಕ್ಷೆಯಿಂದ ದೂರ ಇಡೋದು ಏರಿತು. ಬಹುತೇಕ ಎಲ್ಲರೂ ಸಮಸ್ಯೆ ಬಿಡಿಸೋದು, ಮನಸ್ಸು ಸಮಾಧಾನ ಮಾಡೋದು ಎರಡನ್ನೂ ಬಳಸುತ್ತಿದ್ದರು. ಕಾಯುವಾಗ ಏನು ಓದಿಸ್ತೀರಿ, ಬರೆದು ಮುಗಿದ ಪತ್ರಿಕೆಯನ್ನಾ?

ಟ್ಯೂಷನ್ ಸರ್: ಅಲ್ಲಿಯ ಮಕ್ಕಳು ಬೇರೆ, ನಮ್ಮ ಭಾಗದ ಮಕ್ಕಳು ಬೇರೆ.

ಬೀದರ್‌ನ ಹಿರಿಯರು: ಫಾರ್ವರ್ಡ್: ಪರೀಕ್ಷೆ ಭಯಕ್ಕೆ ಒಂದು ದೊಡ್ಡ ಚಮಚ ಜಾಯಿಕಾಯಿ ಪುಡಿ ಬಿಸಿ ಹಾಲಲ್ಲಿ, ಮೂರು ರಾತ್ರಿ. ಹತ್ತು ಜನಕ್ಕೆ ಕಳಿಸಿ.

ಸಮಾಲೋಚಕಿ: ಹತ್ತು ಜನಕ್ಕೆ ಕಳಿಸಬೇಡಿ, ದಯವಿಟ್ಟು. ಅಡುಗೆಗೆ ಚಿಟಿಕೆ ಬೇರೆ. ಚಮಚಗಟ್ಟಲೆ ಕೊಟ್ಟರೆ ಎದೆ ಬಡಿತ, ವಾಂತಿ, ಭ್ರಮೆ ಬರಬಹುದು. ಮಗು ಹಾಲ್‌ಗೆ ಹೋಗಬೇಕೋ ಎಮರ್ಜೆನ್ಸಿಗೋ? ಎದೆ ನಡುಕಕ್ಕೆ ಅಂತ ಯಾರದ್ದೋ ಬಿಪಿ ಮಾತ್ರೆ ಕೊಡೋರಿಗೂ ಇದೇ ಮಾತು, ಅಸ್ತಮಾ ಇರೋ ಮಕ್ಕಳಿಗೆ ಅವುಗಳಲ್ಲಿ ಕೆಲವು ಉಸಿರೇ ಕಟ್ಟಿಸುತ್ತವೆ.

ಬೀದರ್‌ನ ಹಿರಿಯರು: ನಮ್ಮ ಅಜ್ಜಿ ಕೊಡ್ತಿದ್ದರು.

ಚಿಂಚೋಳಿಯ ತಂದೆ: ಅಜ್ಜಿ ಚಮಚ ಕೊಡ್ತಿರಲಿಲ್ಲ ಅಜ್ಜಾರ, ತೇಯ್ದು ಕೊಡ್ತಿದ್ದರು.

ಸುರಪುರದ ಯುವಕ: ಮೇಡಂ, ನಾನು ಪಿಡಿಒ ಪರೀಕ್ಷೆ ಬರೆದು ಕೂತಿದ್ದೇನೆ. ಫಲಿತಾಂಶ ಬರ್ತಿಲ್ಲ. ದಿನಾ ವೆಬ್‌ಸೈಟ್ ನೋಡ್ತೀನಿ. 371ಜೆ ಮೀಸಲಾತಿಗೆ ಕಟ್‌ಆಫ್ ಎಷ್ಟಾಗಬಹುದು?

ಸಮಾಲೋಚಕಿ: ಕಟ್‌ಆಫ್ ನನ್ನ ಕೆಲಸ ಅಲ್ಲಪ್ಪ. ವೆಬ್‌ಸೈಟ್ ದಿನಕ್ಕೆ ಒಂದೇ ಸಲ, ಸಂಜೆ ನೋಡಿ. ಉಳಿದ ಹೊತ್ತು ಮುಂದಿನ ಅರ್ಜಿಗೆ.

ಆಳಂದದ ತಾಯಿ: ನನ್ನ ಮಗ ಎಸ್ಸೆಸ್ಸೆಲ್ಸಿ, ಟೈಮ್‌ಟೇಬಲ್ ಬರೀತಾನೆ, ಓದಲ್ಲ, ಏನು ಮಾಡಲಿ?

ಸಮಾಲೋಚಕಿ: ಮೇಲೆ ಬರೆದಿದ್ದೇನೆ.

ಸೇಡಂನ ತಂದೆ: ಗಂಡು ಮಕ್ಕಳಿಗೂ ಅದೇ ಅನ್ವಯಿಸುತ್ತಾ ಮೇಡಂ?

ಸಮಾಲೋಚಕಿ: ಹೌದು. ಓದ್ರೀ.

ಟ್ಯೂಷನ್ ಸರ್: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಅಮೆರಿಕದ ಸಂಶೋಧನೆ ನಮ್ಮ ಕರೆಂಟು ಹೋಗೋ ಮನೆಗೆ ಹೇಗೆ ಹೊಂದುತ್ತೆ?

ಚಿಂಚೋಳಿಯ ತಂದೆ: ಸರ್, ನಿಮ್ಮ ಬ್ಯಾಚಲ್ಲೇ ನನ್ನ ಮಗಳು ಅಳ್ತಾ ಬರ್ತಾಳೆ, ಅದಕ್ಕೆ ಮೊದಲು ಉತ್ತರ ಕೊಡಿ.

ಟ್ಯೂಷನ್ ಸರ್: ಪರ್ಸನಲ್ ಆಗಬೇಡಿ.

ಶಹಾಪುರದ ತಾಯಿ: ಪ್ರಶ್ನೆಪತ್ರಿಕೆ ಕೊಟ್ಟಳು ಮೇಡಂ. ಆದ್ರೆ ಮೊಬೈಲಲ್ಲಿ ಫೋಟೊ ಇಟ್ಕೊಂಡಿದ್ದಾಳಂತೆ. ಅದನ್ನೂ ತೆಗೆಸಲಾ?